ಆರು ನಿಮಿಷದ ಲೋಡಿಂಗ್: ಜಿಟಿಎ ಆನ್‌ಲೈನ್ ಒಳಗೆ ಏನಾಗ್ತಿತ್ತು?

ಜಿಟಿಎ ಆನ್‌ಲೈನ್ ಆಡಿದವರಿಗೆ ನೆನಪಿರಬಹುದು. ಪಿಸಿಯಲ್ಲಿ ಆಟ ಶುರು ಮಾಡಿ, ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದ್ರೂ ಪರದೆ ಮೇಲೆ ಅದೇ ಮೋಡಗಳು. 2013ರಲ್ಲಿ ಬಂದ ಆಟ, 2021ರಲ್ಲೂ ಹಾಗೇ ಕಾಯಿಸ್ತಿತ್ತು. ಇಂಟರ್ನೆಟ್ ನಿಧಾನ, ಕಂಪ್ಯೂಟರ್ ಹಳೇದು ಅಂತ ಬೈದುಕೊಂಡವರೇ ಹೆಚ್ಚು.

t0st ಅನ್ನೋ ಹೆಸರಲ್ಲಿ ಬರೆಯುವ ಪ್ರೋಗ್ರಾಮರ್ ಒಬ್ಬರು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರು. ಅವರ ಕಂಪ್ಯೂಟರ್‌ನಲ್ಲಿ ಲೋಡಿಂಗ್‌ಗೆ ಸುಮಾರು ಆರು ನಿಮಿಷ. ಅದರಲ್ಲಿ ಹೆಚ್ಚಿನ ಹೊತ್ತು ನೆಟ್‌ವರ್ಕ್ ಸುಮ್ಮನಿತ್ತು, ಡಿಸ್ಕ್ ಸುಮ್ಮನಿತ್ತು. ಪ್ರೊಸೆಸರಿನ ಒಂದೇ ಒಂದು ಕೋರ್ ಮಾತ್ರ ಉಸಿರು ಬಿಡದೆ ದುಡೀತಿತ್ತು. ಅಂದ್ರೆ ಆಟ ಯಾರಿಗೂ ಕಾಯ್ತಿರಲಿಲ್ಲ, ಏನೋ ಲೆಕ್ಕ ಮಾಡ್ತಿತ್ತು.

ಏನು ಲೆಕ್ಕ? ಆಟದೊಳಗೆ ಕೊಳ್ಳಬಹುದಾದ ವಸ್ತುಗಳ ಒಂದು ಪಟ್ಟಿ, ಸುಮಾರು 10 ಎಂಬಿಯ ಜೆಸನ್ ಫೈಲ್. ಅದರಲ್ಲಿ ಹತ್ತಿರ ಹತ್ತಿರ 63,000 ನಮೂದುಗಳು. ಆಟ ಒಂದೊಂದನ್ನೇ ಓದಿ ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತೆ. ಆದರೆ ಸೇರಿಸೋ ಮೊದಲು, ‘ಇದು ಆಗಲೇ ಇದೆಯಾ?’ ಅಂತ ಪಟ್ಟಿಯ ಮೊದಲಿನಿಂದ ಕೊನೆಯವರೆಗೂ ಹುಡುಕುತ್ತೆ.

ಮದುವೆ ಮನೆಯಲ್ಲಿ ಮುಯ್ಯಿ ಬರೆಯೋರನ್ನ ನೆನಪಿಸಿಕೊಳ್ಳಿ. ಯಾರೇ ಕವರ್ ಕೊಟ್ಟರೂ, ಅವರ ಹೆಸರು ಆಗಲೇ ಬರೆದಿದ್ದೀವಾ ಅಂತ ಪುಸ್ತಕದ ಮೊದಲ ಪುಟದಿಂದ ನೋಡ್ತಾ ಬಂದ್ರೆ? ಹತ್ತನೆಯವರಿಗೆ ಒಂಬತ್ತು ಹೆಸರು ನೋಡಿದರೆ ಸಾಕು. ಸಾವಿರನೆಯವರಿಗೆ 999. ಎಲ್ಲ ಕೂಡಿಸಿದರೆ ಹತ್ತು ಜನಕ್ಕೆ 45 ಸಲ ಹೋಲಿಸಬೇಕು, ನೂರು ಜನಕ್ಕೆ 4,950 ಸಲ, ಸಾವಿರ ಜನಕ್ಕೆ 4,99,500 ಸಲ. ಜನ ಹತ್ತು ಪಟ್ಟಾದರೆ ಕೆಲಸ ಹೆಚ್ಚುಕಮ್ಮಿ ನೂರು ಪಟ್ಟು. 63,000ಕ್ಕೆ ಎಷ್ಟು ಗೊತ್ತಾ? ಸುಮಾರು 198 ಕೋಟಿ!

ಈ ಬೆಳವಣಿಗೆಗೇ O(n²) ಅಂತ ಬರೆಯೋದು. ಓದೋವಾಗ ‘ಓ ಆಫ್ ಎನ್ ಸ್ಕ್ವೇರ್’. ಇಲ್ಲಿ n ಅಂದ್ರೆ ನಮೂದುಗಳ ಸಂಖ್ಯೆ. ಸರಿಯಾಗಿ ಲೆಕ್ಕ ಹಾಕಿದರೆ ಬರೋದು n(n-1)/2. ಆದರೆ ಬಿಗ್-ಓ ಆ ಅರ್ಧವನ್ನೂ, ಚಿಲ್ಲರೆಯನ್ನೂ ಬಿಟ್ಟುಬಿಡುತ್ತೆ. ಅದು ಕೇಳೋ ಪ್ರಶ್ನೆ ಒಂದೇ: n ದೊಡ್ಡದಾಗ್ತಾ ಹೋದ ಹಾಗೆ ಕೆಲಸ ಯಾವ ರೀತಿ ಬೆಳೆಯುತ್ತೆ? ಪುಸ್ತಕದ ಬದಲು ಹ್ಯಾಷ್ ಟೇಬಲ್ ಇಟ್ಟುಕೊಂಡರೆ, ಹೆಸರಿನಿಂದಲೇ ಅದು ಇರಬೇಕಾದ ಜಾಗ ಲೆಕ್ಕ ಹಾಕಿ ನೇರ ಅಲ್ಲಿಗೇ ಹೋಗಿ ನೋಡಬಹುದು. ಆಗ ಒಬ್ಬರಿಗೆ ಸರಾಸರಿ ಒಂದೆರಡು ನೋಟ ಸಾಕು. ಜನ ಎರಡು ಪಟ್ಟಾದರೆ ಒಟ್ಟು ಕೆಲಸವೂ ಎರಡೇ ಪಟ್ಟು. ಅದು O(n).

ಆಟದಲ್ಲಿ ಇದೇ ಜಾತಿಯ ಇನ್ನೊಂದು ತಪ್ಪೂ ಇತ್ತು, ಅದನ್ನ ಕಂಡುಹಿಡಿಯೋದು ಇನ್ನೂ ಕಷ್ಟ. ಫೈಲಿನಿಂದ ಒಂದೊಂದು ಮೌಲ್ಯ ಓದೋಕೆ sscanf ಅನ್ನೋ ಹಳೇ ಫಂಕ್ಷನ್ ಬಳಸಿದ್ದರು. ಅದು ಪ್ರತಿ ಸಲ ಕರೆದಾಗಲೂ ಒಳಗೊಳಗೇ strlen ಕರೆದು, ಉಳಿದಿರೋ ಪಠ್ಯ ಎಷ್ಟು ಉದ್ದ ಇದೆ ಅಂತ ಕೊನೆಯ ಅಕ್ಷರದವರೆಗೂ ಎಣಿಸ್ತಿತ್ತು. ಬೇಕಾಗಿದ್ದು ನಾಲ್ಕಾರು ಅಕ್ಷರ, ಎಣಿಸ್ತಿದ್ದದ್ದು ಸರಾಸರಿ 50 ಲಕ್ಷ. ಕೋಡ್ ಬರೆದವರ ಕಣ್ಣಿಗೆ ಇದು ಒಂದೇ ಒಂದು ಸಾಲು. ಆ ಸಾಲಿನೊಳಗೆ ಲೂಪ್ ಇದೆ ಅಂತ ಅನ್ನಿಸೋದೇ ಇಲ್ಲ.

t0st ಎರಡನ್ನೂ ಬೇರೆ ಬೇರೆಯಾಗಿ ಸರಿಪಡಿಸಿ ಅಳೆದರು. ನಮೂದುಗಳು ಹೇಗೂ ಒಂದರಂತೆ ಒಂದಿಲ್ಲವಾದ್ದರಿಂದ ಹುಡುಕಾಟವನ್ನೇ ಕೈಬಿಟ್ಟರು: ಆರು ನಿಮಿಷ ನಾಲ್ಕೂವರೆಗೆ ಇಳೀತು. ಹುಡುಕಾಟ ಹಾಗೇ ಬಿಟ್ಟು, ಉದ್ದವನ್ನ ಒಮ್ಮೆ ಎಣಿಸಿ ನೆನಪಿಟ್ಟುಕೊಳ್ಳೋ ಹಾಗೆ ಮಾಡಿದಾಗ 2 ನಿಮಿಷ 50 ಸೆಕೆಂಡ್. ಎರಡೂ ಸೇರಿದಾಗ 1 ನಿಮಿಷ 50 ಸೆಕೆಂಡ್. ಗಮನಿಸಿ, ಎರಡೂ ಒಂದೇ ರೀತಿ ಬೆಳೆಯುವ ತಪ್ಪುಗಳು. ಆದರೂ ಒಂದರಿಂದ ಉಳಿದದ್ದು ಒಂದೂವರೆ ನಿಮಿಷ, ಇನ್ನೊಂದರಿಂದ ಮೂರಕ್ಕೂ ಹೆಚ್ಚು. ಎಷ್ಟು ಸೆಕೆಂಡ್ ಅನ್ನೋದನ್ನ ಬಿಗ್-ಓ ಹೇಳಲ್ಲ. ಅದಕ್ಕೆ ಗಡಿಯಾರವೇ ಬೇಕು.

ಇಂಥ ತಪ್ಪು ಪರೀಕ್ಷೆಯಲ್ಲಿ ಯಾಕೆ ಸಿಗಲ್ಲ ಅಂದ್ರೆ, ನೂರು ನಮೂದು ಇಟ್ಟುಕೊಂಡು ನೋಡಿದಾಗ 4,950 ಹೋಲಿಕೆ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಅಷ್ಟು ಚಿಕ್ಕ ಪಟ್ಟಿಗೆ ಹ್ಯಾಷ್ ಟೇಬಲ್ ಹಾಕಿದರೂ ನಿಮಗೆ ವ್ಯತ್ಯಾಸ ಕಾಣಲ್ಲ. ನಿಮ್ಮ ಪ್ರೋಗ್ರಾಂ ಮೇಲೆ ಅನುಮಾನ ಬಂದರೆ 10,000 ನಮೂದು ಕೊಟ್ಟು ಟೈಮ್ ನೋಡಿ, ಆಮೇಲೆ 20,000, ಆಮೇಲೆ 40,000. ಪ್ರತಿ ಹೆಜ್ಜೆಗೂ ಟೈಮ್ ಹತ್ತಿರ ಹತ್ತಿರ ಎರಡು ಪಟ್ಟಾಗ್ತಿದ್ರೆ O(n). ನಾಲ್ಕು ಪಟ್ಟಾಗ್ತಿದ್ರೆ ಎಲ್ಲೋ ಒಂದು ಕಡೆ ಯಾರೋ ಮುಯ್ಯಿ ಪುಸ್ತಕವನ್ನ ಮೊದಲ ಪುಟದಿಂದ ಓದ್ತಿದ್ದಾರೆ.

ಅಂದಹಾಗೆ, ರಾಕ್‌ಸ್ಟಾರ್ ಕಂಪನಿ ಇದನ್ನ ಒಪ್ಪಿಕೊಂಡು 2021ರ ಮಾರ್ಚ್‌ನಲ್ಲೇ ಅಪ್‌ಡೇಟ್ ಬಿಟ್ಟಿತು. t0stಗೆ 10,000 ಡಾಲರ್ ಬಹುಮಾನವೂ ಬಂತು.