ಪ್ರತಿ ಪ್ರಸ್ತಾವನೆಗೂ ಪ್ರತ್ಯೇಕ ತೀರ್ಮಾನ: ನಿವ್ವಳ ಪ್ರಸ್ತುತ ಮೌಲ್ಯದ ಸಂಕಲನ ಗುಣ

ವಿಸ್ತರಣೆಗೆ ಹೊರಟ ಉದ್ಯಮವೊಂದರ ಮುಂದೆ ಒಂದೇ ಒಂದು ಪ್ರಸ್ತಾವನೆ ಇರುವುದು ಅಪರೂಪ. ಹೊಸ ಯಂತ್ರ, ಗೋದಾಮು, ವಿದ್ಯುತ್ ಉತ್ಪಾದನಾ ಘಟಕ ಹೀಗೆ ಹಲವು ಬೇಡಿಕೆಗಳು ಒಟ್ಟಿಗೆ ಬರುತ್ತವೆ. ಬಹಳಷ್ಟು ಸಂದರ್ಭಗಳಲ್ಲಿ ಇವೆಲ್ಲವನ್ನೂ ಒಂದೇ ಯೋಜನಾ ವರದಿಯಲ್ಲಿ ಸೇರಿಸಿ, ಒಟ್ಟು ಹೂಡಿಕೆಗೆ ಒಟ್ಟು ಆದಾಯ ಸಾಕೇ ಎಂದಷ್ಟೇ ನೋಡಲಾಗುತ್ತದೆ. ಒಟ್ಟು ಲೆಕ್ಕ ಲಾಭ ತೋರಿಸಿದರೆ ಇಡೀ ಯೋಜನೆಗೆ ಒಪ್ಪಿಗೆ ದೊರೆಯುತ್ತದೆ. ಈ ಪದ್ಧತಿಯಲ್ಲಿ ನಷ್ಟದ ಪ್ರಸ್ತಾವನೆಯೊಂದು ಲಾಭದ ಪ್ರಸ್ತಾವನೆಯ ಮರೆಯಲ್ಲಿ ಯಾರ ಗಮನಕ್ಕೂ ಬಾರದೆ ಒಳಸೇರಬಹುದು. ಅದನ್ನು ಹೊರಗೆಳೆದು ತೋರಿಸುವ ಸಾಧನವೇ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಎನ್‌ಪಿವಿ. ಅದಕ್ಕೆ ಈ ಶಕ್ತಿ ಬಂದಿರುವುದು ಅದರ ಸಂಕಲನ ಗುಣದಿಂದ.

ಒಂದು ಅಕ್ಕಿ ಗಿರಣಿಯ ಲೆಕ್ಕ

ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಅಕ್ಕಿ ಗಿರಣಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅದರ ಮುಂದೆ ಎರಡು ಪ್ರಸ್ತಾವನೆಗಳಿವೆ. ಮೊದಲನೆಯದು, ಬಣ್ಣಗೆಟ್ಟ ಕಾಳು ಮತ್ತು ಕಲ್ಲನ್ನು ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರ. ಇದಕ್ಕೆ ಇಂದು 50 ಲಕ್ಷ ರೂಪಾಯಿ ಹೂಡಬೇಕು. ಅಕ್ಕಿಗೆ ಸಿಗುವ ಹೆಚ್ಚಿನ ಬೆಲೆಯಿಂದ ಖರ್ಚು ಕಳೆದು ವರ್ಷಕ್ಕೆ 16 ಲಕ್ಷ ರೂಪಾಯಿ ಕೈಸೇರುತ್ತದೆ. ಎರಡನೆಯದು, ಚೀಲ ತುಂಬಿ, ತೂಕ ಮಾಡಿ, ಹೊಲಿಯುವ ಸ್ವಯಂಚಾಲಿತ ಘಟಕ. ಇದರ ಬೆಲೆ 32 ಲಕ್ಷ; ಹಮಾಲಿ ಖರ್ಚಿನಲ್ಲಿ ಆಗುವ ನಿವ್ವಳ ಉಳಿತಾಯ ವರ್ಷಕ್ಕೆ 8 ಲಕ್ಷ. ಎರಡರ ಆಯುಷ್ಯವೂ ಐದು ವರ್ಷ, ಅನಂತರ ಮಾರಾಟ ಬೆಲೆ ಏನೂ ಇಲ್ಲ ಎಂದಿಟ್ಟುಕೊಳ್ಳೋಣ. ಲೆಕ್ಕ ಸರಳವಾಗಿರಲೆಂದು ತೆರಿಗೆಯನ್ನು ಕೈಬಿಡಲಾಗಿದೆ.

ಅಷ್ಟೇ ಅಪಾಯವಿರುವ ಬೇರೆ ಕಡೆ ಇದೇ ಹಣ ತೊಡಗಿಸಿದ್ದರೆ ಶೇಕಡಾ 12 ಪ್ರತಿಫಲ ದೊರೆಯುತ್ತಿತ್ತು ಎಂದಾದರೆ, ಅದೇ ಇಲ್ಲಿನ ಸೋಡಿ ದರ. ಆ ದರದಲ್ಲಿ ಒಂದು ವರ್ಷದ ಬಳಿಕ ಬರುವ ಒಂದು ರೂಪಾಯಿಯ ಇಂದಿನ ಬೆಲೆ 0.893 ರೂಪಾಯಿ, ಎರಡನೆಯ ವರ್ಷದ್ದು 0.797, ಮೂರನೆಯದು 0.712, ನಾಲ್ಕನೆಯದು 0.636, ಐದನೆಯದು 0.567. ಈ ಐದನ್ನೂ ಕೂಡಿದರೆ 3.605 ಆಗುತ್ತದೆ.

ಸಾರ್ಟರ್ ಯಂತ್ರದ ಆದಾಯದ ಪ್ರಸ್ತುತ ಮೌಲ್ಯ 16 × 3.605, ಅಂದರೆ 57.68 ಲಕ್ಷ. ಹೂಡಿಕೆಯ 50 ಲಕ್ಷ ಕಳೆದರೆ ನಿವ್ವಳ ಪ್ರಸ್ತುತ ಮೌಲ್ಯ 7.68 ಲಕ್ಷ ರೂಪಾಯಿ. ಚೀಲ ತುಂಬುವ ಘಟಕದ್ದು 8 × 3.605, ಅಂದರೆ 28.84 ಲಕ್ಷ. 32 ಲಕ್ಷ ಕಳೆದರೆ 3.16 ಲಕ್ಷದ ಕೊರತೆ.

ಎರಡನ್ನೂ ಒಂದೇ ಯೋಜನೆಯಾಗಿ ಬರೆದರೆ ಹೂಡಿಕೆ 82 ಲಕ್ಷ, ವಾರ್ಷಿಕ ಆದಾಯ 24 ಲಕ್ಷ. 24 × 3.605 ಎಂದರೆ 86.52 ಲಕ್ಷ, ನಿವ್ವಳ ಮೌಲ್ಯ 4.52 ಲಕ್ಷ. ಇದು 7.68ರಿಂದ 3.16 ಕಳೆದಾಗ ಬರುವ ಅಂಕಿಯೇ.

```
NPV(A + B) = NPV(A) + NPV(B)
```

ಕೂಡಿಸಿದ ಯೋಜನೆ 4.52 ಲಕ್ಷದ ಲಾಭ ತೋರಿಸಿದ್ದರಿಂದ ಅದು ಸುಲಭವಾಗಿ ಒಪ್ಪಿಗೆ ಪಡೆಯುತ್ತದೆ. ಆದರೆ ಸಾರ್ಟರ್ ಒಂದನ್ನೇ ಕೊಂಡಿದ್ದರೆ ಮಾಲೀಕರಿಗೆ 7.68 ಲಕ್ಷ ಉಳಿಯುತ್ತಿತ್ತು. ಒಂದೇ ಕಟ್ಟಿನಲ್ಲಿ ಬಂದ ಕಾರಣಕ್ಕೆ 3.16 ಲಕ್ಷ ರೂಪಾಯಿ ಕೈಬಿಟ್ಟಂತಾಯಿತು.

ಕೂಡಿಸಲು ಏಕೆ ಸಾಧ್ಯ?

ಇದರ ಕಾರಣ ಶಾಲೆಯ ಗಣಿತದಲ್ಲೇ ಇದೆ. ಮೂರನೆಯ ವರ್ಷದಲ್ಲಿ ಸಾರ್ಟರ್ ತರುವ 16 ಲಕ್ಷದ ಇಂದಿನ ಬೆಲೆ 11.392 ಲಕ್ಷ, ಚೀಲದ ಘಟಕದ 8 ಲಕ್ಷದ ಬೆಲೆ 5.696 ಲಕ್ಷ; ಒಟ್ಟು 24 ಲಕ್ಷದ ಬೆಲೆ 17.088 ಲಕ್ಷ. ಮೊದಲು ಕೂಡಿ ಆಮೇಲೆ ಗುಣಿಸಿದರೂ, ಮೊದಲು ಗುಣಿಸಿ ಆಮೇಲೆ ಕೂಡಿದರೂ ಉತ್ತರ ಒಂದೇ. ಪ್ರತಿ ವರ್ಷಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಗಣಿತದ ಹಿಂದೆ ಒಂದು ಆರ್ಥಿಕ ಸತ್ಯವೂ ಇದೆ. ಮೂರನೆಯ ವರ್ಷ ಕೈಸೇರುವ ರೂಪಾಯಿಯ ಮೇಲೆ ಅದು ಯಾವ ಯಂತ್ರದಿಂದ ಬಂತೆಂಬ ಗುರುತು ಇರುವುದಿಲ್ಲ. ಅಪಾಯ ಒಂದೇ ಆಗಿದ್ದರೆ ಅದರ ಇಂದಿನ ಬೆಲೆಯೂ ಒಂದೇ. ಅಲ್ಲದೆ ಎನ್‌ಪಿವಿ ಇಂದಿನ ರೂಪಾಯಿಯಲ್ಲಿ ಹೇಳಲಾಗುವ ಮೊತ್ತ. ಇಂದಿನ ರೂಪಾಯಿಗಳನ್ನು ಪರಸ್ಪರ ಕೂಡಿಸಲು ಅಡ್ಡಿಯಿಲ್ಲ. ಬ್ರೀಲಿ ಮತ್ತು ಮೈಯರ್ಸ್ ಅವರು ಕಂಪನಿ ಹಣಕಾಸಿನ ಕುರಿತು ಬರೆದ, 1981ರಲ್ಲಿ ಮೊದಲು ಪ್ರಕಟವಾದ ಪ್ರಸಿದ್ಧ ಪಠ್ಯಪುಸ್ತಕವು ಮೌಲ್ಯದ ಈ ಸಂಕಲನ ಗುಣವನ್ನು ಹಣಕಾಸು ಶಾಸ್ತ್ರದ ಏಳು ಮುಖ್ಯ ವಿಚಾರಗಳ ಪಟ್ಟಿಯಲ್ಲಿ ಸೇರಿಸಿದೆ.

ಬಳಕೆಯಲ್ಲಿರುವ ಇತರ ಅಳತೆಗಳಿಗೆ ಈ ಗುಣವಿಲ್ಲ. ಇದೇ ಉದಾಹರಣೆಯಲ್ಲಿ ಸಾರ್ಟರ್‌ನ ಆಂತರಿಕ ಪ್ರತಿಫಲ ದರ ಸುಮಾರು ಶೇಕಡಾ 18, ಚೀಲದ ಘಟಕದ್ದು ಸುಮಾರು 8. ಕೂಡಿಸಿದ ಯೋಜನೆಯ ದರ ಸುಮಾರು 14. ಹದಿನೆಂಟಕ್ಕೆ ಎಂಟು ಕೂಡಿಸಿ ಇದು ಸಿಗುವುದಿಲ್ಲ, ಎರಡರ ಸರಾಸರಿ ತೆಗೆದರೂ ಸಿಗುವುದಿಲ್ಲ. ಹಣದ ಹರಿವನ್ನೆಲ್ಲ ಸೇರಿಸಿ ಹೊಸದಾಗಿ ಲೆಕ್ಕ ಹಾಕಬೇಕು. ಹದಿನಾಲ್ಕು ಹನ್ನೆರಡಕ್ಕಿಂತ ಹೆಚ್ಚಾದ್ದರಿಂದ ದರವನ್ನಷ್ಟೇ ನೋಡುವವರಿಗೆ ಕೂಡಿಸಿದ ಯೋಜನೆ ಚೆನ್ನಾಗಿಯೇ ಕಾಣುತ್ತದೆ. ಬಂಡವಾಳ ವಾಪಸಾಗುವ ಅವಧಿಯೂ ಹೀಗೆಯೇ: ಒಂದರದು 3.1 ವರ್ಷ, ಇನ್ನೊಂದರದು 4 ವರ್ಷ, ಕೂಡಿಸಿದರೆ 3.4 ವರ್ಷ. ಎಲ್ಲಿ ಎಷ್ಟು ರೂಪಾಯಿ ಸೋರಿಹೋಯಿತು ಎಂಬುದನ್ನು ಈ ಅಂಕಿಗಳು ತಿಳಿಸುವುದಿಲ್ಲ.

ರಿಯಾಯಿತಿಯ ಆಮಿಷ

ಯಂತ್ರ ಮಾರಾಟಗಾರರು ಎರಡನ್ನೂ ಒಟ್ಟಿಗೆ ಕೊಂಡರೆ 2 ಲಕ್ಷ ರೂಪಾಯಿ ರಿಯಾಯಿತಿ ಕೊಡುವುದಾಗಿ ಹೇಳಿದರೆ ಏನು ಮಾಡಬೇಕು? ಈ ರಿಯಾಯಿತಿ ಎರಡನೆಯ ಯಂತ್ರವನ್ನೂ ಕೊಂಡಾಗ ಮಾತ್ರ ಸಿಗುವುದರಿಂದ ಅದನ್ನು ಎರಡನೆಯದರ ಲೆಕ್ಕಕ್ಕೆ ಸೇರಿಸಬೇಕು. ಆಗ ಅದರ ಕೊರತೆ 3.16 ಲಕ್ಷದಿಂದ 1.16 ಲಕ್ಷಕ್ಕೆ ಇಳಿಯುತ್ತದೆ; ಆದರೂ ಅದು ಕೊರತೆಯೇ. ರಿಯಾಯಿತಿ 3.16 ಲಕ್ಷ ದಾಟಿದರೆ ಮಾತ್ರ ಎರಡನೆಯ ಯಂತ್ರ ಸ್ವೀಕಾರಾರ್ಹ. ಚೌಕಾಸಿಗೆ ಕೂರುವ ಮೊದಲೇ ಎಲ್ಲಿಯವರೆಗೆ ಎಳೆಯಬೇಕೆಂಬ ಅಂಕಿ ಹೀಗೆ ಗಿರಣಿಯ ಕೈಯಲ್ಲಿರುತ್ತದೆ.

ಒಂದು ಪ್ರಸ್ತಾವನೆ ಇನ್ನೊಂದನ್ನು ತಟ್ಟಿದಾಗ

ಸಂಕಲನ ಗುಣಕ್ಕೆ ಒಂದು ಷರತ್ತಿದೆ. ಒಂದು ಯೋಜನೆಯನ್ನು ಕೈಗೊಂಡ ಮಾತ್ರಕ್ಕೆ ಇನ್ನೊಂದರ ಹಣದ ಹರಿವು ಬದಲಾಗಬಾರದು. ಈ ಷರತ್ತು ಮುರಿಯುವ ಬಗೆಯನ್ನು ಅದೇ ಗಿರಣಿಯ ಭತ್ತದ ಹೊಟ್ಟಿನಲ್ಲಿ ನೋಡಬಹುದು.

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು. ವರ್ಷಕ್ಕೆ 10,000 ಟನ್ ಭತ್ತ ಅರೆಯುವ ಗಿರಣಿಗೆ ಸುಮಾರು 2,000 ಟನ್ ಹೊಟ್ಟು ಸಿಗುತ್ತದೆ. ಅದನ್ನು ಸದ್ಯ ಟನ್‌ಗೆ 3,000 ರೂಪಾಯಿಯಂತೆ ಮಾರಲಾಗುತ್ತಿದೆ ಎಂದುಕೊಳ್ಳೋಣ. ಈಗ ಹೊಟ್ಟಿನಿಂದ ವಿದ್ಯುತ್ ಉತ್ಪಾದಿಸುವ ಘಟಕಕ್ಕೆ 1,500 ಟನ್, ಭತ್ತ ಬೇಯಿಸಲು ಹಬೆ ಒದಗಿಸುವ ಬಾಯ್ಲರ್‌ಗೆ 1,200 ಟನ್ ಬೇಕೆಂದು ಎರಡು ಪ್ರಸ್ತಾವನೆಗಳು ಬಂದಿವೆ. ಹೊಟ್ಟು ಗಿರಣಿಯದೇ, ಆದ್ದರಿಂದ ಇಂಧನಕ್ಕೆ ಖರ್ಚಿಲ್ಲ ಎಂದು ಎರಡು ವರದಿಗಳೂ ಬರೆದಿವೆ. ಬಿಡಿಯಾಗಿ ನೋಡಿದರೆ ಎರಡೂ ಲಾಭದಾಯಕ. ಒಟ್ಟಿಗೆ ಕೈಗೊಂಡರೆ 2,700 ಟನ್ ಬೇಕು. 700 ಟನ್ ಹೊರಗಿನಿಂದ ಕೊಳ್ಳಲು ವರ್ಷಕ್ಕೆ 21 ಲಕ್ಷ ರೂಪಾಯಿ ಬೇಕು. ಈ ಖರ್ಚು ಎರಡು ವರದಿಗಳಲ್ಲಿ ಯಾವುದರಲ್ಲೂ ಇಲ್ಲ. ಎರಡು ಎನ್‌ಪಿವಿಗಳ ಮೊತ್ತ ಒಟ್ಟು ಲೆಕ್ಕಕ್ಕೆ ತಾಳೆಯಾಗುವುದಿಲ್ಲ.

ಇಲ್ಲಿ ಕೆಟ್ಟಿರುವುದು ಸಂಕಲನ ಗುಣವಲ್ಲ, ಹೊಟ್ಟಿಗೆ ಹಾಕಿದ ಬೆಲೆ. ಸುಟ್ಟ ಪ್ರತಿ ಟನ್ ಹೊಟ್ಟು ಮಾರಬಹುದಾಗಿದ್ದ ಟನ್ ಆದ್ದರಿಂದ ಅದನ್ನು ಮಾರುಕಟ್ಟೆ ದರದಲ್ಲಿ ಖರ್ಚೆಂದು ಬರೆಯಬೇಕು. ವಿದ್ಯುತ್ ಘಟಕಕ್ಕೆ ವರ್ಷಕ್ಕೆ 45 ಲಕ್ಷ, ಬಾಯ್ಲರ್‌ಗೆ 36 ಲಕ್ಷ, ಒಟ್ಟು 81 ಲಕ್ಷ. ಗಿರಣಿ ನಿಜವಾಗಿ ಕಳೆದುಕೊಳ್ಳುವುದೂ ಅಷ್ಟೇ: ನಿಂತುಹೋದ ಮಾರಾಟದ 60 ಲಕ್ಷ ಮತ್ತು ಖರೀದಿಯ 21 ಲಕ್ಷ. ಹೀಗೆ ಬೆಲೆ ಹಾಕಿದ ಕೂಡಲೇ ಎರಡು ಪ್ರಸ್ತಾವನೆಗಳೂ ಮತ್ತೆ ಸ್ವತಂತ್ರವಾಗುತ್ತವೆ. ಒಂದೊಂದನ್ನೂ ಬೇರೆಯಾಗಿ ತೂಗಬಹುದು. ಸಾಗಣೆ ವೆಚ್ಚದಿಂದಾಗಿ ಕೊಳ್ಳುವ ದರ ಮಾರುವ ದರಕ್ಕಿಂತ ಹೆಚ್ಚಾಗಿದ್ದರೆ, ಕೊರತೆಯ 700 ಟನ್‌ಗಳ ಮೇಲಿನ ಆ ವ್ಯತ್ಯಾಸವನ್ನು ಮಾತ್ರ ಜಂಟಿ ಖರ್ಚಾಗಿ ಪ್ರತ್ಯೇಕವಾಗಿ ನೋಡಬೇಕು.

ಬೆಲೆ ಹಾಕಿ ಬಿಡಿಸಲಾಗದ ನಂಟುಗಳೂ ಇವೆ. ಸಾರ್ಟರ್ ಇಲ್ಲದೆ ಸಣ್ಣ ಪ್ಯಾಕೆಟ್‌ಗಳ ಬ್ರ್ಯಾಂಡ್ ಅಕ್ಕಿ ಮಾರಲು ಸಾಧ್ಯವಿಲ್ಲ ಎಂದಾದರೆ ಸಾರ್ಟರ್ ಮಾತ್ರ, ಸಾರ್ಟರ್ ಮತ್ತು ಪ್ಯಾಕಿಂಗ್, ಎರಡೂ ಬೇಡ ಎಂಬ ಮೂರು ದಾರಿಗಳನ್ನು ಬರೆದು ಅವುಗಳಲ್ಲಿ ದೊಡ್ಡ ಎನ್‌ಪಿವಿಯನ್ನು ಆರಿಸಬೇಕು. ಒಂದೇ ಜಾಗಕ್ಕೆ ಎರಡು ಕಂಪನಿಗಳ ಯಂತ್ರಗಳು ಸ್ಪರ್ಧಿಸುತ್ತಿದ್ದರೂ ಇದೇ ಕ್ರಮ.

ಹಣ ಸಾಲದಿದ್ದಾಗ, ಅಪಾಯ ಬೇರೆಯಾದಾಗ

ಬಂಡವಾಳಕ್ಕೆ ಮಿತಿ ಇದ್ದರೆ ಎನ್‌ಪಿವಿ ಧನಾತ್ಮಕವಾಗಿರುವ ಎಲ್ಲವನ್ನೂ ಒಪ್ಪಿಕೊಳ್ಳಲಾಗದು. ಆಗಲೂ ಸಂಕಲನ ಗುಣ ಉಪಯೋಗಕ್ಕೆ ಬರುತ್ತದೆ. 1 ಕೋಟಿ ರೂಪಾಯಿ ಮಾತ್ರ ಇದ್ದು, 90 ಲಕ್ಷದ ಯೋಜನೆಯ ಎನ್‌ಪಿವಿ 11 ಲಕ್ಷ, 50 ಲಕ್ಷದ್ದು 7.68 ಲಕ್ಷ, 45 ಲಕ್ಷದ್ದು 6 ಲಕ್ಷ ಎಂದಿರಲಿ. ದೊಡ್ಡದೆಂದು ಮೊದಲನೆಯದನ್ನು ಆರಿಸಿದರೆ 11 ಲಕ್ಷ. ಉಳಿದೆರಡನ್ನು ಆರಿಸಿದರೆ 13.68 ಲಕ್ಷ. ಮಿತಿಯೊಳಗೆ ಹೊಂದುವ ಗುಂಪುಗಳ ಎನ್‌ಪಿವಿಯನ್ನು ಕೂಡಿ ಹೋಲಿಸಿದರೆ ಸಾಕು.

ಅಪಾಯದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಡೀ ಕಂಪನಿಗೆ ಒಂದೇ ಸೋಡಿ ದರ ಬಳಸಬೇಕೆಂದು ಸಂಕಲನ ಗುಣ ಹೇಳುವುದಿಲ್ಲ. ಹಮಾಲಿ ಖರ್ಚಿನ ಉಳಿತಾಯ ಬಹುಮಟ್ಟಿಗೆ ನಿಶ್ಚಿತ. ಹೊಸ ಬ್ರ್ಯಾಂಡಿನ ಮಾರಾಟ ಅನಿಶ್ಚಿತ. ಪ್ರತಿಯೊಂದಕ್ಕೂ ಅದರದೇ ಅಪಾಯಕ್ಕೆ ತಕ್ಕ ದರ ಹಾಕಿ, ಬಂದ ಮೊತ್ತಗಳನ್ನು ಕೂಡಿಸಬಹುದು. ಎಲ್ಲಕ್ಕೂ ಸರಾಸರಿ ದರವನ್ನೇ ಹಾಕಿದರೆ ಅಪಾಯದ ಯೋಜನೆಗಳು ಇರುವುದಕ್ಕಿಂತ ಚೆನ್ನಾಗಿ, ಸುರಕ್ಷಿತ ಯೋಜನೆಗಳು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತವೆ.

ಪರೀಕ್ಷಿಸುವ ವಿಧಾನ

ಪ್ರಸ್ತಾವನೆಗಳು ನಿಜಕ್ಕೂ ಸ್ವತಂತ್ರವೇ ಎಂದು ತಿಳಿಯಲು ಮೂರು ಲೆಕ್ಕಗಳು ಸಾಕು: ಮೊದಲನೆಯದನ್ನು ಮಾತ್ರ ಕೈಗೊಂಡಾಗ, ಎರಡನೆಯದನ್ನು ಮಾತ್ರ ಕೈಗೊಂಡಾಗ, ಎರಡನ್ನೂ ಕೈಗೊಂಡಾಗ ಇಡೀ ಉದ್ಯಮದ ಹಣದ ಹರಿವಿನಲ್ಲಿ ಆಗುವ ಬದಲಾವಣೆ. ಮೊದಲೆರಡರ ಎನ್‌ಪಿವಿ ಮೊತ್ತ ಮೂರನೆಯದಕ್ಕೆ ಸಮವಾದರೆ ಅವನ್ನು ಬೇರೆ ಬೇರೆಯಾಗಿಯೇ ತೀರ್ಮಾನಿಸಬಹುದು. ಸಮವಾಗದಿದ್ದರೆ ಆ ವ್ಯತ್ಯಾಸವೇ ಅವುಗಳ ನಂಟಿನ ಬೆಲೆ. ಅದು ಹೊಟ್ಟಿನಂತಹ ಹಂಚಿಕೆಯ ಸಂಪನ್ಮೂಲದಿಂದ ಬಂತೋ, ರಿಯಾಯಿತಿಯಿಂದ ಬಂತೋ, ಒಂದರ ತೆರಿಗೆ ನಷ್ಟ ಇನ್ನೊಂದರ ಲಾಭಕ್ಕೆ ಹೊಂದಾಣಿಕೆಯಾದದ್ದರಿಂದ ಬಂತೋ ಎಂದು ಹುಡುಕಬೇಕು. ಒಂದಿಲ್ಲದೆ ಇನ್ನೊಂದು ನಡೆಯದು ಎಂಬ ಮಾತು ಪ್ರಸ್ತಾವನೆಯೊಂದರ ಸಮರ್ಥನೆಯಲ್ಲಿ ಬಂದಾಗಲೂ ಈ ವ್ಯತ್ಯಾಸದ ಅಂಕಿಯನ್ನೇ ಕೇಳಬೇಕು. ಆ ಅಂಕಿ ಶೂನ್ಯವಾಗಿದ್ದರೆ ಎರಡನ್ನೂ ಒಂದೇ ಕಟ್ಟಿನಲ್ಲಿ ಒಪ್ಪಿಕೊಳ್ಳಲು ಕಾರಣ ಉಳಿಯುವುದಿಲ್ಲ.