ಫ್ರಾಂಚೈಸಿ ಕರಾರನ್ನು ಕನ್ನಡಕ್ಕೆ ತಂದುಕೊಂಡು ಓದುವಾಗ

ಹೆಸರು ಮಾಡಿದ ಚಹಾ ಅಂಗಡಿ, ಐಸ್‌ಕ್ರೀಂ ಪಾರ್ಲರ್, ಬಿರಿಯಾನಿ ಮಳಿಗೆಗಳ ಫ್ರಾಂಚೈಸಿ ಈಗ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಕರಾರು ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಹಣ ಹಾಕುವವರು ಪರಿಚಯದ ಯಾರಿಂದಲೋ ಅದನ್ನು ಕನ್ನಡಕ್ಕೆ ಮಾಡಿಸಿಕೊಳ್ಳುತ್ತಾರೆ. ಅಂಥ ಅನುವಾದಗಳನ್ನು ಮೂಲದ ಜೊತೆ ತಾಳೆ ನೋಡುವುದು ನನ್ನ ಕೆಲಸ. ತಪ್ಪುಗಳು ಹೆಚ್ಚಾಗಿ ಮೂರೇ ಕಡೆ ಸಿಗುತ್ತವೆ: ವ್ಯಾಪ್ತಿ, ರಾಯಲ್ಟಿ ಮತ್ತು ಒಪ್ಪಂದ ಮುಗಿಸುವ ಷರತ್ತು. ಹಣ ಹೋಗುವುದೂ ಈ ಮೂರರಲ್ಲೇ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲೇ ಕಂಪನಿ ತನ್ನ ವಿವರಗಳನ್ನೆಲ್ಲ ಬರೆದುಕೊಡಬೇಕು. ಇಲ್ಲಿ ಅಂಥ ಕಡ್ಡಾಯವಿಲ್ಲ. 1872ರ ಕರಾರು ಕಾಯ್ದೆಯ ಸಾಮಾನ್ಯ ನಿಯಮಗಳೇ ಆಧಾರ, ಮಿಕ್ಕಿದ್ದೆಲ್ಲ ಸಹಿ ಹಾಕಿದ ಕಾಗದದಲ್ಲಿ ಇದ್ದಂತೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಬಿ.ಎಂ. ರಸ್ತೆಯಲ್ಲಿ ದಂಪತಿಯೊಬ್ಬರು ಚಹಾ-ತಿಂಡಿ ಮಳಿಗೆಯ ಫ್ರಾಂಚೈಸಿ ಪಡೆಯಲು ಹೊರಟಿದ್ದಾರೆ. ಶುಲ್ಕ 5 ಲಕ್ಷ ರೂಪಾಯಿ, ಅವಧಿ 5 ವರ್ಷ, ರಾಯಲ್ಟಿ ಶೇ. 6. ಅವರ ಕೈಯಲ್ಲಿರುವ ಕನ್ನಡ ಪ್ರತಿಯಲ್ಲಿ, ‘ಮಳಿಗೆಯ ಸುತ್ತ 2 ಕಿ.ಮೀ. ವ್ಯಾಪ್ತಿಯಲ್ಲಿ ಫ್ರಾಂಚೈಸಿದಾರರಿಗೆ ವಿಶೇಷ ಹಕ್ಕು ಇರುತ್ತದೆ’ ಎಂದಿದೆ. ಓದಲು ಹಿತವಾಗಿದೆ. ಆದರೆ ‘ವಿಶೇಷ’ ಎಂದರೆ ಏನು ಸಿಕ್ಕಿತು? ಮೂಲದಲ್ಲಿ ‘ಎಕ್ಸ್‌ಕ್ಲೂಸಿವ್’ ಎಂದಿದ್ದರೆ ಆ 2 ಕಿ.ಮೀ. ಒಳಗೆ ಕಂಪನಿ ಬೇರೆಯವರಿಗೆ ಮಳಿಗೆ ಕೊಡುವಂತಿಲ್ಲ, ತಾನೂ ತೆರೆಯುವಂತಿಲ್ಲ. ‘ಸೋಲ್’ ಎಂದಿದ್ದರೆ ಸಾಮಾನ್ಯವಾಗಿ ಬೇರೆಯವರಿಗೆ ಕೊಡುವಂತಿಲ್ಲ, ತಾನು ತೆರೆಯಬಹುದು. ‘ನಾನ್-ಎಕ್ಸ್‌ಕ್ಲೂಸಿವ್’ ಎಂದಿದ್ದರೆ ಪಕ್ಕದ ಕಟ್ಟಡದಲ್ಲೂ ಇನ್ನೊಂದು ಮಳಿಗೆ ಬರಬಹುದು. ಹಾಗಾಗಿ ಅನುವಾದದಲ್ಲಿ ಯಾರು ಏನು ಮಾಡುವಂತಿಲ್ಲ ಎಂಬುದನ್ನು ಪೂರ್ತಿ ವಾಕ್ಯವಾಗಿಯೇ ಬಿಡಿಸಿ ಬರೆಯಬೇಕು.

ಅಷ್ಟಕ್ಕೇ ನಿಲ್ಲುವಂತಿಲ್ಲ. ಒಂದು ಷರತ್ತಿನಲ್ಲಿ ಕೊಟ್ಟ ಹಕ್ಕನ್ನು ನಾಲ್ಕು ಪುಟ ಆಚೆ ‘ಕಂಪನಿ ಕಾಯ್ದಿರಿಸಿಕೊಂಡ ಹಕ್ಕುಗಳು’ ಎಂಬ ಕಡೆ ಮರಳಿ ತೆಗೆದುಕೊಂಡಿರುತ್ತಾರೆ. ರೈಲು ನಿಲ್ದಾಣ, ಮಾಲ್, ಹೆದ್ದಾರಿ ಬಂಕ್‌ಗಳಲ್ಲಿ ಮಳಿಗೆ ತೆರೆಯುವ ಹಕ್ಕು, ಡೆಲಿವರಿ ಆ್ಯಪ್‌ಗಳ ಮೂಲಕ ಮಾರುವ ಹಕ್ಕು ಎಲ್ಲವೂ ಕಂಪನಿಯ ಬಳಿಯೇ ಉಳಿದಿರುತ್ತವೆ. ಆ್ಯಪ್ ಮಾರಾಟವೊಂದೇ ಸಾಕು, 2 ಕಿ.ಮೀ. ಎಂಬುದಕ್ಕೆ ಅರ್ಥವಿಲ್ಲದಂತಾಗುತ್ತದೆ, ಬೇರೊಂದು ಬಡಾವಣೆಯ ಅಡುಗೆಮನೆಯಿಂದ ಅದೇ ಹೆಸರಿನ ತಿಂಡಿ ಇವರ ಗಿರಾಕಿಯ ಮನೆಗೇ ಹೋಗಬಹುದು. ಈ ಹೊರತುಗಳನ್ನು ಕನ್ನಡ ಪ್ರತಿಯಲ್ಲಿ ಹಕ್ಕಿನ ಷರತ್ತಿನ ಕೆಳಗೇ ಟಿಪ್ಪಣಿಯಾಗಿ ಬರೆದು, ಮೂಲದ ಷರತ್ತು ಸಂಖ್ಯೆ ಹಾಕಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ‘ಹಾಸನಕ್ಕೆಲ್ಲ ನೀವೊಬ್ಬರೇ’ ಎಂದು ಕಂಪನಿಯ ಪ್ರತಿನಿಧಿ ಬಾಯಲ್ಲಿ ಹೇಳಿದ್ದನ್ನು ಅನುಬಂಧದಲ್ಲಿ ಬರೆಸಿಕೊಳ್ಳಬೇಕು. ‘ಈ ಕಾಗದದಲ್ಲಿರುವುದಷ್ಟೇ ಒಪ್ಪಂದ, ಹಿಂದಿನ ಮಾತುಕತೆಗೆ ಬೆಲೆಯಿಲ್ಲ’ ಎಂಬ ಸಾಲು ಇಂಥ ಕರಾರುಗಳ ಕೊನೆಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಇನ್ನು ರಾಯಲ್ಟಿ. ಇದನ್ನು ‘ಲಾಭಾಂಶ’ ಎಂದು ಅನುವಾದಿಸುವುದು ನಾನು ಕಂಡ ಅತ್ಯಂತ ದುಬಾರಿ ತಪ್ಪು. ತಿಂಗಳಿಗೆ 4 ಲಕ್ಷ ವ್ಯಾಪಾರವಾಗಿ, ಬಾಡಿಗೆ, ಸಂಬಳ, ಸಾಮಾನಿನ ಖರ್ಚೆಲ್ಲ ಕಳೆದು 60,000 ಉಳಿಯಿತು ಅನ್ನಿ. ಲಾಭಾಂಶವೆಂದು ನಂಬಿದವರು ಅದರಲ್ಲಿ ಶೇ. 6, ಅಂದರೆ 3,600 ಕೊಟ್ಟರಾಯಿತು ಎಂದುಕೊಳ್ಳುತ್ತಾರೆ. ಆದರೆ ರಾಯಲ್ಟಿ ಬೀಳುವುದು ಮಾರಾಟದ ಮೇಲೆ. 4 ಲಕ್ಷಕ್ಕೆ 24,000, ಅದರ ಮೇಲೆ ಶೇ. 18 ಜಿಎಸ್‌ಟಿ 4,320, ಒಟ್ಟು 28,320 ರೂಪಾಯಿ. ಗ್ರಾಹಕರಿಂದ ಶೇ. 5 ಜಿಎಸ್‌ಟಿ ಪಡೆಯುವ ಹೋಟೆಲಿನವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದ ಕಾರಣ ಆ 4,320 ಕೂಡ ಮರಳಿ ಸಿಗದ ಖರ್ಚು. 60,000ದಲ್ಲಿ ಮನೆಗೆ ಹೋಗುವುದು 31,680. ನಷ್ಟವಾದ ತಿಂಗಳಲ್ಲೂ ರಾಯಲ್ಟಿ ಕಟ್ಟಲೇಬೇಕು.

ಯಾವ ಮಾರಾಟದ ಮೇಲೆ ಎಂಬ ಉತ್ತರ ರಾಯಲ್ಟಿಯ ಷರತ್ತಿನಲ್ಲಿ ಇರುವುದಿಲ್ಲ, ಕರಾರಿನ ಮೊದಲಲ್ಲಿರುವ ವ್ಯಾಖ್ಯೆಗಳಲ್ಲಿ ಇರುತ್ತದೆ. ಅನುವಾದಕರು ಬೇಸರವೆಂದು ಬಿಟ್ಟುಬಿಡುವ ಭಾಗವೂ ಇದೇ. ‘ಗ್ರಾಸ್ ಸೇಲ್ಸ್’ ಎಂದರೆ ಆ್ಯಪ್ ಕಮಿಷನ್ ಮತ್ತು ರಿಯಾಯಿತಿ ಕಳೆಯುವ ಮೊದಲಿನ ಪೂರ್ತಿ ಬಿಲ್ ಎಂದು ಅಲ್ಲಿ ಬರೆದಿದ್ದರೆ, 4 ಲಕ್ಷದಲ್ಲಿ ಆ್ಯಪ್‌ನವರು ಹಿಡಿದುಕೊಂಡ, ಅಂಗಡಿಯ ಗಲ್ಲಾಕ್ಕೆ ಬಾರದೇ ಹೋದ ಹಣಕ್ಕೂ ರಾಯಲ್ಟಿ ಕಟ್ಟಬೇಕು. ಜೊತೆಗೆ, ‘ಮಾರಾಟದ ಶೇ. 6 ಅಥವಾ ತಿಂಗಳಿಗೆ 20,000, ಯಾವುದು ಹೆಚ್ಚೋ ಅದು’ ಎಂಬ ಕನಿಷ್ಠ ರಾಯಲ್ಟಿಯನ್ನೂ ಸೇರಿಸಿರುತ್ತಾರೆ. ಮಳೆಗಾಲದಲ್ಲಿ ವ್ಯಾಪಾರ 2 ಲಕ್ಷಕ್ಕೆ ಇಳಿದರೆ ಶೇ. 6ರ ಲೆಕ್ಕದಲ್ಲಿ 12,000 ಆಗಬೇಕಿತ್ತು. ಕಟ್ಟುವುದು 20,000, ಜಿಎಸ್‌ಟಿ ಸೇರಿ 23,600. ನೂರು ರೂಪಾಯಿ ವ್ಯಾಪಾರಕ್ಕೆ ಹತ್ತಿರಹತ್ತಿರ 12 ರೂಪಾಯಿ! ಬರಿಯ ಅನುವಾದ ಕೊಟ್ಟು ಸುಮ್ಮನಾಗದೆ, ಒಂದು ಒಳ್ಳೆಯ ತಿಂಗಳು ಮತ್ತು ಒಂದು ಕೆಟ್ಟ ತಿಂಗಳಿನ ಲೆಕ್ಕವನ್ನು ಪಕ್ಕದಲ್ಲಿ ಬರೆದುಕೊಟ್ಟರೆ ಓದುವವರಿಗೆ ವಿಷಯ ತಟ್ಟನೆ ಅರ್ಥವಾಗುತ್ತದೆ.

ಮೂರನೆಯದು ಒಪ್ಪಂದ ಮುಗಿಸುವುದು. ಕನ್ನಡದಲ್ಲಿ ಇದನ್ನು ‘ರದ್ದು’ ಎಂದೇ ಬರೆಯುತ್ತಾರೆ. ಟಿಕೆಟ್ ರದ್ದಾದರೆ ಹಣ ವಾಪಸ್ ಬರುವ ರೂಢಿಯಲ್ಲಿರುವ ನಮಗೆ, ಕಂಪನಿಯೇ ರದ್ದು ಮಾಡಿದರೆ 5 ಲಕ್ಷ ಹಿಂದಿರುಗಿಸುತ್ತದೆ ಅನ್ನಿಸುತ್ತದೆ. ‘ಟರ್ಮಿನೇಷನ್’ ಅದಲ್ಲ. ಒಪ್ಪಂದ ಆ ದಿನದಿಂದ ಮುಂದಕ್ಕೆ ನಿಲ್ಲುತ್ತದೆ, ಅಲ್ಲಿಯವರೆಗೆ ಕೊಟ್ಟದ್ದು ಕೊಟ್ಟಂತೆಯೇ. ಶುಲ್ಕ ಹಿಂದಿರುಗುವುದಿಲ್ಲ ಎಂಬುದನ್ನು ಬೇರೊಂದು ಷರತ್ತಿನಲ್ಲಿ ಹೇಳಿರುತ್ತಾರೆ.

ಇಲ್ಲಿ ನೋಡಬೇಕಾದ್ದು ಯಾರಿಗೆ ಎಷ್ಟು ಬಿಡುಗಡೆ ಎಂಬುದು. ಕಂಪನಿ ಕಾರಣ ಕೊಡದೆ 30 ದಿನದ ನೋಟಿಸಿನಲ್ಲಿ ಮುಗಿಸಬಹುದು, ಫ್ರಾಂಚೈಸಿದಾರರು ಮಾತ್ರ ಮೊದಲ 3 ವರ್ಷ ಹೊರಬರುವಂತಿಲ್ಲ ಎಂದು ಇದ್ದರೆ ಅದೇ ದೊಡ್ಡ ಅಪಾಯ. ಅನ್ಯಾಯವಾದರೆ ಕೋರ್ಟಿಗೆ ಹೋಗಿ ಮಳಿಗೆ ಉಳಿಸಿಕೊಳ್ಳುತ್ತೇವೆ ಎನ್ನುವವರು 1990ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಅಮೃತಸರ ಗ್ಯಾಸ್ ಏಜೆನ್ಸಿಯ ಪ್ರಕರಣವನ್ನು ತಿಳಿದಿರಬೇಕು. ಅಲ್ಲಿ ಇಂಡಿಯನ್ ಆಯಿಲ್ ಏಜೆನ್ಸಿಯನ್ನು ಕೊನೆಗೊಳಿಸಿದ್ದು ತಪ್ಪೆಂದು ಕಂಡಿದ್ದರೂ ಏಜೆನ್ಸಿ ಮರಳಿ ಸಿಗಲಿಲ್ಲ. ಕರಾರನ್ನು 30 ದಿನದ ನೋಟಿಸಿನಿಂದ ಮುಗಿಸಬಹುದಾಗಿತ್ತು, ಆದ್ದರಿಂದ ಪರಿಹಾರವೂ ಆ 30 ದಿನದ ಗಳಿಕೆಗೇ ಸೀಮಿತ ಎಂದಿತು ಕೋರ್ಟು. ನಮ್ಮ ಹಾಸನದ ದಂಪತಿ ಕಟ್ಟಡವನ್ನು 5 ವರ್ಷಕ್ಕೆ ಬಾಡಿಗೆಗೆ ಹಿಡಿದಿದ್ದರೆ, ಬೋರ್ಡು ಇಳಿದ ಮೇಲೂ ಬಾಡಿಗೆ ತಪ್ಪುವುದಿಲ್ಲ. ನೋಟಿಸ್ ಅವಧಿಯನ್ನು ಕನಿಷ್ಠ ಆರು ತಿಂಗಳಿಗೆ ಏರಿಸಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ತಪ್ಪು ಸರಿಪಡಿಸಿಕೊಳ್ಳಲು ಕೊಡುವ ಗಡುವನ್ನೂ ಅನುವಾದದಲ್ಲಿ ಬಿಡಿಸಿ ಹೇಳಬೇಕು. 15 ದಿನ ಎಂದರೆ ನೋಟಿಸ್ ಕೈಗೆ ಬಂದ ದಿನದಿಂದಲೋ, ಇಮೇಲ್ ಕಳಿಸಿದ ದಿನದಿಂದಲೋ? ಇಮೇಲನ್ನು ದಿನಾ ನೋಡದ ಅಂಗಡಿಯವರಿಗೆ ಗಡುವಿನ ಅರ್ಧ ಹಾಗೇ ಕಳೆದುಹೋಗಬಹುದು.

ಒಪ್ಪಂದ ಮುಗಿದ ಮೇಲೆ 2 ವರ್ಷ ಇದೇ ಬಗೆಯ ವ್ಯಾಪಾರ ಮಾಡಬಾರದು ಎಂಬ ಸಾಲನ್ನು ಓದಿ ಹೆದರುವವರಿದ್ದಾರೆ. ಕರಾರು ಕಾಯ್ದೆಯ 27ನೇ ಕಲಂ ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರನ್ನು ಅನೂರ್ಜಿತ ಎನ್ನುತ್ತದೆ. ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಮಾತ್ರ ಇರುವ ಅಂಥ ನಿರ್ಬಂಧ ನಿಲ್ಲುತ್ತದೆ ಎಂದು 1995ರ ಗುಜರಾತ್ ಬಾಟ್ಲಿಂಗ್–ಕೋಕಾಕೋಲಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಗಿದ ಮೇಲಿನ ನಿರ್ಬಂಧವನ್ನು ನಮ್ಮ ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದೇ ಜಾಗದಲ್ಲಿ ಸ್ವಂತ ಹೆಸರಿನ ಚಹಾ ಅಂಗಡಿ ಇಡಲು ದಾರಿ ಇರುತ್ತದೆ. ಆದರೆ ಕಂಪನಿಯ ಹೆಸರು, ಲೋಗೋ, ಬೋರ್ಡಿನ ಬಣ್ಣ-ವಿನ್ಯಾಸ ಮತ್ತು ಗುಟ್ಟಾಗಿ ಕೊಟ್ಟ ಮಸಾಲೆಯ ಅಳತೆಗಳನ್ನು ಬಳಸಬಾರದೆಂಬ ಷರತ್ತು ಬೇರೆ, ಅದು ಒಪ್ಪಂದ ಮುಗಿದ ಮೇಲೂ ಕಟ್ಟಿಹಾಕುತ್ತದೆ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದ ಅನುವಾದವನ್ನು ವಾಪಸ್ ಕಳಿಸಿ, ಬೇರೆಬೇರೆಯಾಗಿ ಬರೆಸಿಕೊಂಡು ವಕೀಲರಿಗೆ ತೋರಿಸಿ.