ಸಂಸ್ಥೆಯೇ ಲೇಖಕನಾದಾಗ

ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಈ ಅಂಕಿಯನ್ನು ಪತ್ರಿಕೆಗಳೂ ಎಂ.ಎ. ಪ್ರಬಂಧಗಳೂ ಮತ್ತೆ ಮತ್ತೆ ಬಳಸುತ್ತವೆ. ಆದರೆ ವಾಕ್ಯದ ಕೊನೆಯ ಆವರಣದಲ್ಲಿ ಇದನ್ನು ಹೇಳಿದವರು ಯಾರೆಂದು ಬರೆಯುವಾಗ ಒಬ್ಬೊಬ್ಬರದು ಒಂದೊಂದು ರೀತಿ. ಒಬ್ಬರು ‘ಎನ್‌ಎಫ್‌ಎಚ್‌ಎಸ್, 2021’ ಎನ್ನುತ್ತಾರೆ, ಇನ್ನೊಬ್ಬರು ‘ಆರೋಗ್ಯ ಸಚಿವಾಲಯ’ ಎನ್ನುತ್ತಾರೆ, ಮತ್ತೊಬ್ಬರು ‘ಭಾರತ ಸರ್ಕಾರ’ ಎಂದು ಬರೆದು ಮುಗಿಸುತ್ತಾರೆ.

ಲೇಖಕರ ಹೆಸರು ಮತ್ತು ಪ್ರಕಟಣೆಯ ವರ್ಷವನ್ನು ಆವರಣದಲ್ಲಿ ಕೊಟ್ಟು, ಪೂರ್ಣ ವಿವರವನ್ನು ಕೊನೆಯ ಆಕರಸೂಚಿಯಲ್ಲಿ ಅಕಾರಾದಿಯಾಗಿ ಜೋಡಿಸುವ ಪದ್ಧತಿಯಲ್ಲಿ ಎಲ್ಲವೂ ನಿಂತಿರುವುದು ಲೇಖಕರ ಹೆಸರಿನ ಮೇಲೆ. ಓದುಗರು ಆ ಹೆಸರು ಹಿಡಿದೇ ಸೂಚಿಯಲ್ಲಿ ಹುಡುಕುತ್ತಾರೆ. ವ್ಯಕ್ತಿಯ ಹೆಸರಾದರೆ ತೊಡಕಿಲ್ಲ. ಸಂಸ್ಥೆಯೇ ಲೇಖಕನಾದಾಗ ಹೆಸರು ಉದ್ದವಾಗುತ್ತದೆ, ಉದ್ದವಾದದ್ದನ್ನು ನಾವು ಮೊಟಕು ಮಾಡುತ್ತೇವೆ, ಗೊಂದಲ ಅಲ್ಲಿಂದ ಶುರುವಾಗುತ್ತದೆ. ನಮ್ಮ ಸಮಾಜವಿಜ್ಞಾನ ವಿಭಾಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಶೈಲಿಯ ಏಳನೇ ಆವೃತ್ತಿ ಇದಕ್ಕೆ ಸ್ಪಷ್ಟ ಕ್ರಮವನ್ನು ಕೊಟ್ಟಿದೆ. ಈ ಸಮೀಕ್ಷೆಯ ವರದಿಯನ್ನೇ ಇಟ್ಟುಕೊಂಡು ಅದನ್ನು ನೋಡೋಣ.

ಮೊದಲು ಲೇಖಕರು ಯಾರೆಂದು ತಿಳಿಯಬೇಕು. ‘ಎನ್‌ಎಫ್‌ಎಚ್‌ಎಸ್’ ಸಮೀಕ್ಷೆಯ ಹೆಸರು. ಅದು ವರದಿಯ ಶೀರ್ಷಿಕೆಯಲ್ಲಿ ಬರುತ್ತದೆಯೇ ಹೊರತು ಲೇಖಕರ ಜಾಗದಲ್ಲಲ್ಲ. ಸಮೀಕ್ಷೆ ನಡೆಸಿದ್ದು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಆಶ್ರಯದಲ್ಲಿ, ನಿಜ. ಆದರೆ ವರದಿಯನ್ನು ಸಿದ್ಧಪಡಿಸಿದ್ದು ಮುಂಬಯಿಯ ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಪಾಪ್ಯುಲೇಷನ್ ಸೈನ್ಸಸ್ ಮತ್ತು ತಾಂತ್ರಿಕ ನೆರವು ಕೊಟ್ಟ ಐಸಿಎಫ್ ಎಂಬ ಅಮೆರಿಕದ ಸಂಸ್ಥೆ. ತನ್ನನ್ನು ಹೇಗೆ ಉಲ್ಲೇಖಿಸಬೇಕೆಂದು ವರದಿಯೇ ಒಳಪುಟದಲ್ಲಿ ಸೂಚಿಸುತ್ತದೆ. ಅಲ್ಲಿ ಈ ಎರಡು ಹೆಸರುಗಳಿವೆ, ವರ್ಷ 2021 ಎಂದಿದೆ. ಸಮೀಕ್ಷೆ ನಡೆದ 2019–21 ಎಂಬ ಅವಧಿ ಶೀರ್ಷಿಕೆಗೆ ಸೇರಿದ್ದು, ಆವರಣದೊಳಗೆ ಅದಕ್ಕೆ ಜಾಗವಿಲ್ಲ.

ಇನ್ನು ಪ್ರಬಂಧದಲ್ಲಿ ಈ ವರದಿಯನ್ನು ಮೊದಲ ಸಲ ಹೆಸರಿಸುವಾಗ ಆವರಣ ಹೀಗಿರುತ್ತದೆ: (ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಪಾಪ್ಯುಲೇಷನ್ ಸೈನ್ಸಸ್ [ಐಐಪಿಎಸ್] ಮತ್ತು ಐಸಿಎಫ್, 2021). ಪೂರ್ಣ ಹೆಸರು ಮೊದಲು, ಹ್ರಸ್ವರೂಪ ಅದರ ಬೆನ್ನಿಗೇ. ನಾವು ಆಗಲೇ ದುಂಡು ಆವರಣದೊಳಗೆ ಇರುವುದರಿಂದ ಒಳಗಿನದು ಚೌಕ ಆವರಣ. ಎರಡನೇ ಸಂಸ್ಥೆಯ ಹೆಸರು ವರದಿಯಲ್ಲೇ ಐಸಿಎಫ್ ಎಂದು ಅಚ್ಚಾಗಿರುವುದರಿಂದ ಅದನ್ನು ಬಿಡಿಸಬೇಕಾಗಿಲ್ಲ. ಮುಂದಿನ ಪುಟಗಳಲ್ಲೆಲ್ಲ (ಐಐಪಿಎಸ್ ಮತ್ತು ಐಸಿಎಫ್, 2021) ಎಂದಷ್ಟೇ ಬರೆದರೆ ಸಾಕು.

ಸಂಸ್ಥೆಯ ಹೆಸರು ವಾಕ್ಯದೊಳಗೇ ಬಂದರೆ ಚೌಕ ಆವರಣ ಬೇಡ. ‘ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ, 2021) ಪ್ರಕಾರ’ ಎಂದು ಹ್ರಸ್ವರೂಪವನ್ನೂ ವರ್ಷವನ್ನೂ ಒಂದೇ ದುಂಡು ಆವರಣದಲ್ಲಿ ಕೊಡುತ್ತೇವೆ, ಎರಡನೇ ಸಲ ‘ಡಬ್ಲ್ಯುಎಚ್‌ಒ (2021)’ ಎನ್ನುತ್ತೇವೆ. ಕನ್ನಡದಲ್ಲಿ ಇಲ್ಲೊಂದು ಎಚ್ಚರ ಬೇಕು. ವಿಭಕ್ತಿ ಪ್ರತ್ಯಯ ವಾಕ್ಯದಲ್ಲಿರುವ ಹೆಸರಿಗೆ ಹತ್ತಲಿ, ಆವರಣದೊಳಗಿನ ಹೆಸರಿಗೆ ಹತ್ತಬಾರದು. ‘(ಡಬ್ಲ್ಯುಎಚ್‌ಒದ, 2021)’ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ.

ಹ್ರಸ್ವರೂಪ ಕಡ್ಡಾಯವೇನಲ್ಲ. ಸಂಸ್ಥೆಯ ಹೆಸರು ಪ್ರಬಂಧದಲ್ಲಿ ಕನಿಷ್ಠ ಮೂರು ಸಲವಾದರೂ ಬರುವುದಿದ್ದರೆ ಅದನ್ನು ಪರಿಚಯಿಸಬಹುದು ಎಂಬುದು ಈ ಶೈಲಿಯ ಸಲಹೆ. ಒಂದೇ ಸಲ ಬರುವ ಸಂಸ್ಥೆಗೂ ಹ್ರಸ್ವರೂಪ ಕೊಟ್ಟರೆ ಮುಂದೆಲ್ಲೂ ಕೆಲಸಕ್ಕೆ ಬಾರದ ನಾಲ್ಕಕ್ಷರವನ್ನು ಓದುಗರು ನೆನಪಿಟ್ಟುಕೊಂಡಂತಾಗುತ್ತದೆ. ಹ್ರಸ್ವರೂಪ ಸಂಸ್ಥೆಗೆ ಸೇರಿದ್ದು, ವರದಿಗೆ ಸೇರಿದ್ದಲ್ಲ ಎಂಬುದನ್ನೂ ಗಮನಿಸಬೇಕು. ಇದೇ ಎರಡು ಸಂಸ್ಥೆಗಳು 2017ರಲ್ಲಿ ಹೊರತಂದ ನಾಲ್ಕನೇ ಸಮೀಕ್ಷೆಯ ವರದಿಯನ್ನು ಆಮೇಲೆ ಉಲ್ಲೇಖಿಸುವಾಗ ಮತ್ತೆ ಪೂರ್ಣ ಹೆಸರಿನಿಂದ ಶುರುಮಾಡಬೇಕಿಲ್ಲ, (ಐಐಪಿಎಸ್ ಮತ್ತು ಐಸಿಎಫ್, 2017) ಸಾಕು.

ಹೆಚ್ಚಿನವರು ಎಡವುವುದು ಆಕರಸೂಚಿಯಲ್ಲಿ. ಈ ಶೈಲಿಯ ಪ್ರಕಾರ ಅಲ್ಲಿ ಪೂರ್ಣ ಹೆಸರು ಮಾತ್ರ ಇರುತ್ತದೆ, ಹ್ರಸ್ವರೂಪ ಇರುವುದೇ ಇಲ್ಲ. ಅಂದರೆ ಪುಟ 40ರಲ್ಲಿ ‘ಐಐಪಿಎಸ್’ ಕಂಡವರನ್ನು ಸೂಚಿಗೆ ತಲುಪಿಸುವ ಸೇತುವೆ ಆ ಮೊದಲ ಉಲ್ಲೇಖ ಒಂದೇ. ಇಂಗ್ಲಿಷ್ ಸೂಚಿಯಲ್ಲಾದರೆ ಈ ಸಂಸ್ಥೆಯ ಪೂರ್ಣ ಹೆಸರೂ ಹ್ರಸ್ವರೂಪವೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಓದುಗರು ಹೇಗೋ ಹುಡುಕಿಕೊಳ್ಳುತ್ತಾರೆ. ಕನ್ನಡ ಲಿಪಿಯಲ್ಲಿ ಆ ಅನುಕೂಲವಿಲ್ಲ. ‘ಐಐಪಿಎಸ್’ ಹುಡುಕುವವರು ‘ಐ’ ಅಕ್ಷರಕ್ಕೆ ಹೋಗುತ್ತಾರೆ, ಪೂರ್ಣ ಹೆಸರು ‘ಇ’ಯಲ್ಲಿ ಕೂತಿರುತ್ತದೆ. ‘ಡಬ್ಲ್ಯುಎಚ್‌ಒ’ ಎಂದು ‘ಡ’ಕಾರದಲ್ಲಿ ಹುಡುಕಿದರೆ ವಿಶ್ವ ಆರೋಗ್ಯ ಸಂಸ್ಥೆ ಇರುವುದು ‘ವ’ಕಾರದಲ್ಲಿ. ಆದ್ದರಿಂದ ಇಂಗ್ಲಿಷಿನಲ್ಲಿ ಬರೆಯುವವರಿಗಿಂತ ಕನ್ನಡದಲ್ಲಿ ಬರೆಯುವವರಿಗೆ ಮೊದಲ ಉಲ್ಲೇಖ ಸರಿಯಾಗಿರುವುದು ಹೆಚ್ಚು ಮುಖ್ಯ ಎಂದು ನಾನು ನಂಬುತ್ತೇನೆ. ಷಿಕಾಗೋ ಶೈಲಿ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ: ಸೂಚಿಯ ನಮೂದನ್ನೇ ಹ್ರಸ್ವರೂಪದಿಂದ ಶುರುಮಾಡಿ, ಪೂರ್ಣ ಹೆಸರನ್ನು ಪಕ್ಕದ ಆವರಣದಲ್ಲಿ ಬಿಡಿಸಲು ಅದು ಅವಕಾಶ ಕೊಡುತ್ತದೆ. ಕನ್ನಡದ ಮಟ್ಟಿಗೆ ಇದೇ ಹೆಚ್ಚು ಓದುಗಸ್ನೇಹಿ. ಆದರೆ ಒಂದೇ ಪ್ರಬಂಧದಲ್ಲಿ ಎರಡನ್ನೂ ಬೆರೆಸುವಂತಿಲ್ಲ.

ಮೊದಲ ಉಲ್ಲೇಖ ತಪ್ಪುವುದು ಸಾಮಾನ್ಯವಾಗಿ ಬರೆಯುವಾಗಲ್ಲ, ತಿದ್ದುವಾಗ. ಎರಡನೇ ಅಧ್ಯಾಯದ ಒಂದು ಪ್ಯಾರಾವನ್ನು ಪೀಠಿಕೆಗೆ ಎತ್ತಿ ಹಾಕುತ್ತೇವೆ. ಅದರಲ್ಲಿದ್ದ ಬರಿಯ ‘ಐಐಪಿಎಸ್’ ಈಗ ಎಲ್ಲಕ್ಕಿಂತ ಮುಂದೆ ಬಂದು ನಿಂತಿರುತ್ತದೆ, ಪರಿಚಯ ಮೂವತ್ತು ಪುಟ ಹಿಂದೆ ಉಳಿದಿರುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಕೊನೆಯ ಕರಡಿನಲ್ಲಿ Ctrl+F ಒತ್ತಿ ಹ್ರಸ್ವರೂಪವನ್ನು ಹುಡುಕಿ. ಮೊದಲು ಸಿಗುವ ಜಾಗದಲ್ಲಿ ಅದರ ಪಕ್ಕ ಪೂರ್ಣ ಹೆಸರು ಇರಬೇಕು. ಆಮೇಲೆ ಪೂರ್ಣ ಹೆಸರನ್ನು ಹುಡುಕಿ. ಆ ಮೊದಲ ಜಾಗ ಮತ್ತು ಆಕರಸೂಚಿ ಬಿಟ್ಟು ಬೇರೆಡೆ ಸಿಕ್ಕರೆ ಅಲ್ಲಿ ತಿದ್ದುವ ಕೆಲಸವಿದೆ. ಕೋಷ್ಟಕಗಳು ಮಾತ್ರ ಇದಕ್ಕೆ ಹೊರತು. ಕೋಷ್ಟಕವನ್ನು ಪ್ರತ್ಯೇಕವಾಗಿ ಓದುವವರೂ ಇರುವುದರಿಂದ ಅದರ ಕೆಳಗಿನ ಟಿಪ್ಪಣಿಯಲ್ಲಿ ಹ್ರಸ್ವರೂಪವನ್ನು ಮತ್ತೆ ಬಿಡಿಸಿ ಹೇಳಬೇಕು.

ಹ್ರಸ್ವರೂಪವನ್ನು ಪೂರ್ತಿ ಕೈಬಿಡಬೇಕಾದ ಸಂದರ್ಭವೂ ಒಂದಿದೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಮತ್ತು ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ ಎರಡೂ ‘ಎಪಿಎ’ಗಳೇ. ಮನೋವಿಜ್ಞಾನದ ಪ್ರಬಂಧದಲ್ಲಿ ಎರಡೂ ಬರುವುದುಂಟು. ಆಗ ಎಷ್ಟು ಸಲ ಬಂದರೂ ಪ್ರತಿ ಸಲವೂ ಪೂರ್ಣ ಹೆಸರನ್ನೇ ಬರೆಯಬೇಕು.

ಕನ್ನಡದಲ್ಲಿ ಸಂಶೋಧನಾ ಪತ್ರಿಕೆ ನಡೆಸುವ ಸಂಪಾದಕರಲ್ಲೂ ಪ್ರಬಂಧಗಳ ಮಾರ್ಗದರ್ಶಕರಲ್ಲೂ ನನ್ನದೊಂದು ಕೋರಿಕೆ. ಸಂಸ್ಥೆಯ ಹೆಸರನ್ನು ಲಿಪ್ಯಂತರಿಸಬೇಕೋ ಅನುವಾದಿಸಬೇಕೋ, ಸೂಚಿಯಲ್ಲಿ ಪೂರ್ಣ ಹೆಸರು ಮುಂದಿರಬೇಕೋ ಹ್ರಸ್ವರೂಪವೋ ಎಂಬುದನ್ನು ಒಂದು ಉದಾಹರಣೆಯೊಂದಿಗೆ ನಿಮ್ಮ ಲೇಖಕರಿಗೆ ಮೊದಲೇ ಬರೆದು ಕೊಡಿ.